ಎರಡು ಆರ್ಡರ್, ನಡುವೆ ಒಂದು ದಾರ

500 ರೂಪಾಯಿಯ ಷೇರು 100 ಕೊಂಡಿದ್ದೀರಿ ಅಂತಿಟ್ಟುಕೊಳ್ಳಿ. 515 ಆದರೆ ಲಾಭ ತಗೊಂಡು ಹೊರಗೆ ಬರಬೇಕು, 490ಕ್ಕೆ ಇಳಿದರೆ ನಷ್ಟ ಒಪ್ಪಿಕೊಂಡು ಹೊರಗೆ ಬರಬೇಕು. ಹಾಗಾದರೆ ಮಾರುವ ಆರ್ಡರ್ ಎರಡು ಹಾಕಿಬಿಟ್ಟರೆ ಆಯ್ತಲ್ವಾ?

ಆಗುವುದಿಲ್ಲ. ನಿಮ್ಮ ಹತ್ತಿರ ಇರುವುದು 100 ಷೇರು, ಮಾರಲು ಹೊರಟಿದ್ದು 200. ಎರಡನೇ ನೂರು ಬ್ರೋಕರ್‌ನ ಕಂಪ್ಯೂಟರಿಗೆ ಕೈಯಲ್ಲಿಲ್ಲದ ಷೇರು ಮಾರುವ ಹೊಸ ಶಾರ್ಟ್ ಸೆಲ್ಲಿಂಗ್ ತರಹ ಕಾಣುತ್ತದೆ, ಅದಕ್ಕೆ ಬೇರೆ ಮಾರ್ಜಿನ್, ಅಂದರೆ ಜಾಮೀನು ಹಣ, ಕೇಳುತ್ತದೆ. ಮಾರ್ಜಿನ್ ಇದ್ದರೂ ಅಪಾಯ ತಪ್ಪಲಿಲ್ಲ. ಬೆಳಿಗ್ಗೆ 515ಕ್ಕೆ ಮಾರಾಟ ಆಯಿತು, ನೀವು ಖುಷಿಯಾಗಿ ಊಟಕ್ಕೆ ಹೋದಿರಿ, ಮಧ್ಯಾಹ್ನ ಬೆಲೆ 490ಕ್ಕೆ ಬಂತು, ಆಗ ಉಳಿದ ಆರ್ಡರ್ ಎದ್ದು ನಿಮ್ಮ ಬಳಿ ಇಲ್ಲದ 100 ಷೇರನ್ನು ಮಾರುತ್ತದೆ.

ಅದಕ್ಕೇ ಎರಡರ ನಡುವೆ ದಾರ ಕಟ್ಟುತ್ತಾರೆ: ಒಂದು ನಡೆದರೆ ಇನ್ನೊಂದು ರದ್ದು. ಇದು ಓಸಿಓ, ಅಂದರೆ ಒನ್ ಕ್ಯಾನ್ಸಲ್ಸ್ ದಿ ಅದರ್. ಕೊಳ್ಳುವ ಆರ್ಡರನ್ನೂ ಮೊದಲೇ ಜೊತೆಗೆ ಸೇರಿಸಿ, ಕೊಂಡಾದ ಮೇಲೆ ತಾನಾಗಿ ಈ ಜೋಡಿ ಹುಟ್ಟುವ ಹಾಗೆ ಮಾಡಿದರೆ ಬ್ರಾಕೆಟ್ ಆರ್ಡರ್.

ಈ ದಾರ ಇರುವುದೆಲ್ಲಿ ಅನ್ನುವುದು ಮುಖ್ಯ. ನಮ್ಮಲ್ಲಿ ಅದನ್ನು ಹಿಡಿದಿರುವುದು ಬ್ರೋಕರ್‌ನ ಸರ್ವರ್. ಎಕ್ಸ್‌ಚೇಂಜಿಗೆ ಹೋಗುವುದು ಮಾಮೂಲಿ ಆರ್ಡರ್‌ಗಳೇ, ಅವು ಒಂದಕ್ಕೊಂದು ಸಂಬಂಧ ಅಂತ ಅದಕ್ಕೆ ಗೊತ್ತಿರುವುದಿಲ್ಲ.

ದಾರ ಕಟ್ಟುವ ರೀತಿ ಎರಡಿವೆ. ಒಂದರಲ್ಲಿ ಎರಡೂ ಆರ್ಡರ್ ಎಕ್ಸ್‌ಚೇಂಜಿನಲ್ಲೇ ಕಾಯುತ್ತವೆ. 515ರದ್ದು ಸರದಿಯಲ್ಲಿ ನಿಂತಿರುತ್ತದೆ, 490ರ ಸ್ಟಾಪ್‌ಲಾಸ್ ಬೆಲೆ ಅಲ್ಲಿಗೆ ಇಳಿಯುವವರೆಗೆ ಮಲಗಿರುತ್ತದೆ. ಒಂದು ಮಾರಾಟವಾದ ಸುದ್ದಿ ಬಂದ ಕೂಡಲೇ ಬ್ರೋಕರ್ ಇನ್ನೊಂದನ್ನು ರದ್ದು ಮಾಡು ಅಂತ ಹೇಳಿ ಕಳಿಸುತ್ತಾನೆ. ಆ ಮಾತು ತಲುಪುವಷ್ಟರಲ್ಲಿ ಬೆಲೆ ಆ ತುದಿ ಮುಟ್ಟಿದರೆ ಎರಡೂ ನಡೆದುಹೋಗುತ್ತವೆ. 515 ಮತ್ತು 490ರಷ್ಟು ದೂರ ಇದ್ದರೆ ಇದು ಅಪರೂಪ. 500.50 ಮತ್ತು 499.50 ಅಂತ ಒತ್ತೊತ್ತಾಗಿ ಹಾಕಿದ್ದರೆ, ಅಥವಾ ಬ್ರೋಕರ್‌ನ ಸಂಪರ್ಕವೇ ಕಡಿದರೆ, ಅಷ್ಟು ಅಪರೂಪವಲ್ಲ. ಇನ್ನು 515ರಲ್ಲಿ 40 ಷೇರು ಮಾತ್ರ ಹೋಯಿತು ಅಂದರೆ ಸ್ಟಾಪ್ 100ರಿಂದ 60ಕ್ಕೆ ಇಳಿಯಬೇಕು. ಅದನ್ನೂ ಸರ್ವರೇ ಸಮಯಕ್ಕೆ ಮಾಡಬೇಕು.

ಎರಡನೇ ರೀತಿ, ಜಿಟಿಟಿ ಅಂದರೆ ಗುಡ್ ಟಿಲ್ ಟ್ರಿಗರ್ಡ್ ಹೆಸರಿನಲ್ಲಿ ಸಿಗುವಂಥದ್ದು. ಇದರಲ್ಲಿ ಎಕ್ಸ್‌ಚೇಂಜಿಗೆ ಮೊದಲು ಏನೂ ಹೋಗುವುದಿಲ್ಲ, ಸರ್ವರ್ ಬೆಲೆ ನೋಡುತ್ತಾ ಕೂತಿರುತ್ತದೆ, ನೀವು ಹೇಳಿದ ಟ್ರಿಗರ್ ಬೆಲೆ ಮುಟ್ಟಿದ ಮೇಲೇ ಲಿಮಿಟ್ ಆರ್ಡರ್, ಅಂದರೆ ಇಷ್ಟಕ್ಕಿಂತ ಕಡಿಮೆಗೆ ಮಾರಬೇಡ ಅನ್ನುವ ಆರ್ಡರ್, ಕಳಿಸುತ್ತದೆ. ಎರಡೆರಡು ಸಲ ಮಾರುವ ಭಯ ಇಲ್ಲಿ ಹೆಚ್ಚುಕಡಿಮೆ ಇಲ್ಲ. ಆದರೆ ನನ್ನ ಪ್ರಕಾರ ಇದರ ಗುಂಡಿ ಇನ್ನೂ ಆಳ, ಯಾಕೆಂದರೆ ಅದು ಕಾಣುವುದಿಲ್ಲ.

490 ಟ್ರಿಗರ್, 488 ಲಿಮಿಟ್ ಇಟ್ಟಿದ್ದೀರಿ. ರಾತ್ರಿ ಕಂಪನಿಯ ಕೆಟ್ಟ ಫಲಿತಾಂಶ ಬಂತು, ಬೆಳಿಗ್ಗೆ ಷೇರು 470ಕ್ಕೇ ತೆರೆಯಿತು. ಟ್ರಿಗರ್ ಆಯಿತು, 488ಕ್ಕೆ ಮಾರುವ ಆರ್ಡರ್ ಹೋಯಿತು. 470ಕ್ಕೆ ಸಿಗುವುದನ್ನು 488 ಕೊಟ್ಟು ಯಾರು ಕೊಳ್ಳುತ್ತಾರೆ? ಆರ್ಡರ್ ಸುಮ್ನೆ ನಿಂತಿತು. ಟ್ರಿಗರ್ ಆದ ಕ್ಷಣದಲ್ಲೇ 515ರ ಜೊತೆಗಾರ ರದ್ದಾಗಿತ್ತು. ಸಂಜೆ ಮಾರುಕಟ್ಟೆ ಮುಚ್ಚಿದಾಗ 488ರದ್ದೂ ಸತ್ತಿತು. ಮಾರನೇ ದಿನ ನಿಮ್ಮ 100 ಷೇರಿಗೆ ಯಾವ ಕಾವಲೂ ಇಲ್ಲ, ಆ್ಯಪ್‌ನಲ್ಲಿ ಮಾತ್ರ 'ಟ್ರಿಗರ್ ಆಗಿದೆ' ಅಂತ ಬರೆದಿರುತ್ತದೆ, ಓದಿದವರು ಮಾರಾಟವಾಯಿತು ಅಂದುಕೊಳ್ಳುತ್ತಾರೆ.

ಲಿಮಿಟ್ಟನ್ನು ಟ್ರಿಗರಿನಿಂದ ಜಾಸ್ತಿ ಕೆಳಗೆ, 465 ಅಂತಿಟ್ಟಿದ್ದರೆ ಹೊರಗೆ ಬರುವ ಸಾಧ್ಯತೆ ಹೆಚ್ಚಿತ್ತು. 465ಕ್ಕೇ ಮಾರುತ್ತದೆ ಅಂತಲ್ಲ, ಅದಕ್ಕಿಂತ ಕಡಿಮೆಗೆ ಬೇಡ ಅಂತ ಅಷ್ಟೇ. 470ಕ್ಕೆ ಕೊಳ್ಳುವವರು ಇದ್ದರೆ 470ಕ್ಕೇ ಹೋಗುತ್ತದೆ. ಆಪ್ಷನ್ಸ್‌ನಲ್ಲಿ ಈ ಅಂತರವನ್ನು ನೀವೇ ನಿರ್ಧರಿಸಬೇಕು. ಲಿಮಿಟ್ ಇಲ್ಲದ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರನ್ನು ಅಲ್ಲಿ ಎನ್‌ಎಸ್‌ಇ 2021ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿತು.

ಇಷ್ಟೆಲ್ಲ ಸರಿಯಾಗಿ ನಡೆದರೆ ಲಾಭ ಬರುತ್ತಾ? 15 ಗಳಿಸಲು 10 ಪಣಕ್ಕಿಡುವುದು ಒಳ್ಳೆಯ ವ್ಯವಹಾರದ ಹಾಗೆ ಕಾಣುತ್ತದೆ. ಬೆಲೆ ನಾಣ್ಯ ಚಿಮ್ಮಿದ ಹಾಗೆ ಅಲೆದಾಡುತ್ತದೆ ಅಂದುಕೊಂಡು ಲೆಕ್ಕ ಹಾಕಿ. 10 ರೂಪಾಯಿ ಕೆಳಗಿನ ಗೆರೆ ಹತ್ತಿರ, 15 ಮೇಲಿನದು ದೂರ. ನೂರಕ್ಕೆ ಸುಮಾರು 40 ಸಲ ಟಾರ್ಗೆಟ್, 60 ಸಲ ಸ್ಟಾಪ್. 40 ಗುಣಿಸು 15 ಅಂದರೆ 600, 60 ಗುಣಿಸು 10 ಅಂದರೂ 600. ಷೇರಿಗೆ ಉಳಿದದ್ದು ಸೊನ್ನೆ, ಅದರಲ್ಲೇ ಬ್ರೋಕರೇಜ್, ತೆರಿಗೆ. ಗೆರೆಗಳನ್ನು ಎಲ್ಲಿಗೆ ಸರಿಸಿದರೂ ಈ ಲೆಕ್ಕ ಹೀಗೇ ಬರುತ್ತದೆ.

ಹೊರಗೆ ಬಂದೆ ಅನ್ನಿಸಿದ ಮೇಲೆ ಆರ್ಡರಿನ ಸ್ಥಿತಿ ನೋಡುವ ಬದಲು ನಿಮ್ಮ ಬಳಿ ಒಟ್ಟು ಉಳಿದ ಷೇರಿನ ನಿವ್ವಳ ಸಂಖ್ಯೆ ನೋಡಿ. ಸೊನ್ನೆ ಇದ್ದರೆ ಮುಗಿಯಿತು, ಆದರೂ ಬಾಕಿ ಆರ್ಡರ್ ಯಾವುದಾದರೂ ಜೀವಂತ ಇದೆಯಾ ಅಂತ ಒಮ್ಮೆ ಕಣ್ಣಾಡಿಸಿ. ಮೈನಸ್ 100 ಇದ್ದರೆ ಎರಡೂ ನಡೆದಿವೆ, ಅವತ್ತೇ 100 ವಾಪಸ್ ಕೊಳ್ಳಬೇಕು. 100 ಹಾಗೇ ಇದ್ದರೆ ನಿಮ್ಮ ಸ್ಟಾಪ್ ಮೇಲೆಲ್ಲೋ ಒಂಟಿಯಾಗಿ ನಿಂತಿದೆ, ಇಲ್ಲವೇ ಸಂಜೆಯೇ ಸತ್ತಿದೆ.