ಈರುಳ್ಳಿ ಪೊರೆಯ ಚಿತ್ರದ ಕೆಳಗೆ ×100 ಅಂತ ಬರೆದ್ರೆ ಯಾಕೆ ತಪ್ಪು

ಐಪೀಸ್ 10x, ಆಬ್ಜೆಕ್ಟಿವ್ 10x, ಗುಣಿಸಿದ್ರೆ 100, ಅದನ್ನೇ ಚಿತ್ರದ ಕೆಳಗೆ ಬರೆದುಬಿಡ್ತೀವಿ. ಆದ್ರೆ ಆ 100 ಮೈಕ್ರೋಸ್ಕೋಪ್ ನಿಮ್ಮ ಕಣ್ಣಿಗೆ ಎಷ್ಟು ದೊಡ್ಡದಾಗಿ ತೋರಿಸ್ತು ಅನ್ನೋದು ಮಾತ್ರ. ನೀವು ಹಾಳೆ ಮೇಲೆ ಎಷ್ಟು ದೊಡ್ಡದಾಗಿ ಬಿಡಿಸಿದ್ರಿ ಅನ್ನೋದು ಬೇರೆ ಲೆಕ್ಕ, ಅದೇ ಕೋಶನ ಇಬ್ಬರು ಬೇರೆ ಬೇರೆ ಸೈಜಲ್ಲಿ ಬಿಡಿಸಿದ್ರೆ ಇಬ್ಬರ ವರ್ಧನೆನೂ ಬೇರೆ. ಸೂತ್ರ ಇಷ್ಟೇ: ಚಿತ್ರದ ಉದ್ದ ÷ ಕೋಶದ ನಿಜವಾದ ಉದ್ದ.

ನಿಜವಾದ ಉದ್ದ ಎಲ್ಲಿಂದ ತರೋದು? ಮೊದಲು 4x ಲೆನ್ಸ್ ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಇಟ್ಟು, ಕಾಣೋ ದುಂಡನೆ ಬೆಳಕಿನ ಅಡ್ಡಗಲ ಎಷ್ಟು ಮಿಮೀ ಅಂತ ನೋಡಿ. 4.5 ಮಿಮೀ ಬಂತು ಅಂತಿಟ್ಕೊಳ್ಳಿ. 10x ಗೆ ತಿರುಗಿಸಿದ್ರೆ ಕಾಣೋ ಜಾಗ ಅಷ್ಟೇ ಪಟ್ಟು ಕಮ್ಮಿ ಆಗುತ್ತೆ: 4.5 × 4 ÷ 10 = 1.8 ಮಿಮೀ, ಅಂದ್ರೆ 1,800 ಮೈಕ್ರೋಮೀಟರ್. ಈಗ ಸ್ಕೇಲ್ ತೆಗೆದು ಪೊರೆಯ ಸ್ಲೈಡ್ ಇಡಿ, ಒಂದೇ ಸಾಲು ಹಿಡ್ಕೊಂಡು ಈ ಅಂಚಿಂದ ಆ ಅಂಚಿಗೆ ಉದ್ದುದ್ದಕ್ಕೆ ಎಷ್ಟು ಕೋಶ ಅಂತ ಎಣಿಸಿ. ಆರು ಸಿಕ್ಕಿದ್ರೆ ಒಂದರ ಉದ್ದ ಸರಾಸರಿ 300 ಮೈಕ್ರೋಮೀಟರ್.

ನಿಮ್ಮ ಚಿತ್ರದಲ್ಲಿ ಕೋಶ 90 ಮಿಮೀ ಇದೆ ಅಂದ್ಕೊಳ್ಳಿ. ಜಾರೋದು ಇಲ್ಲೇ, ಭಾಗಿಸೋ ಮುಂಚೆ ಎರಡೂ ಒಂದೇ ಮಾನದಲ್ಲಿರಬೇಕು: 90 ಮಿಮೀ ಅಂದ್ರೆ 90,000 ಮೈಕ್ರೋಮೀಟರ್, 90,000 ÷ 300 = 300. ಚಿತ್ರ ×300. ಸೆಂಟಿಮೀಟರ್‌ನಲ್ಲಿ ಅಳೆದು 9 ನ್ನ 9,000 ಮಾಡಿಬಿಟ್ರೆ ×30 ಬರುತ್ತೆ. ಕ್ಯಾಲ್ಕುಲೇಟರ್ ದಶಮಾಂಶ ತೋರಿಸಿದ್ರೂ ಬರೀಬೇಡಿ, ಪ್ಲಾಸ್ಟಿಕ್ ಸ್ಕೇಲ್‌ನಲ್ಲಿ ನೋಡಿದ್ದು ಅಷ್ಟು ಖಚಿತ ಅಲ್ಲ.

ಅಗಲಾನೂ ಒಮ್ಮೆ ಚೆಕ್ ಮಾಡಿ. ಅಡ್ಡಡ್ಡ 30 ಕೋಶ ಎಣಿಸಿದ್ರೆ ಒಂದು 60 ಮೈಕ್ರೋಮೀಟರ್, ×300 ರಲ್ಲಿ ಅದು 18 ಮಿಮೀ ಇರಬೇಕು. ನಿಮ್ಮ ಚಿತ್ರದಲ್ಲಿ 40 ಮಿಮೀ ಇದ್ರೆ ನೀವು ಬಿಡಿಸಿದ್ದು ನೋಡಿದ ಕೋಶ ಅಲ್ಲ, ಮನಸ್ಸಲ್ಲಿದ್ದ ಕೋಶ.

ಸ್ಕೇಲ್ ಬಾರ್ ಇನ್ನೂ ಸುಲಭ. 100 ಮೈಕ್ರೋಮೀಟರ್ × 300 = 30 ಮಿಮೀ, ಚಿತ್ರದ ಕೆಳಗೆ ಸ್ಕೇಲ್ ಇಟ್ಟು 30 ಮಿಮೀ ಗೆರೆ ಎಳೆದು ಅದರ ಮೇಲೆ 100 ಮೈಕ್ರೋಮೀಟರ್ ಅಂತ ಬರೀರಿ. ನನಗೆ ವರ್ಧನೆಗಿಂತ ಇದೇ ಇಷ್ಟ, ಯಾಕಂದ್ರೆ ಹಾಳೆನ ಅರ್ಧ ಸೈಜಿಗೆ ಜೆರಾಕ್ಸ್ ಮಾಡಿದ್ರೆ ×300 ಸುಳ್ಳಾಗುತ್ತೆ, ಗೆರೆ ಮಾತ್ರ ಚಿತ್ರದ ಜೊತೇನೇ ಕುಗ್ಗಿ ಸರಿಯಾಗೇ ಇರುತ್ತೆ.

ಹೆಸರು ಬರೆಯೋವಾಗ ಚೂಪು ಪೆನ್ಸಿಲ್, ಸ್ಕೇಲ್ ಇಟ್ಟ ಗೆರೆ, ಬಾಣದ ಗುರುತು ಬೇಡ, ಗೆರೆಯ ತುದಿ ಆ ಭಾಗಾನ ಮುಟ್ಟಿರಬೇಕು, ಒಂದಕ್ಕೊಂದು ಅಡ್ಡ ಹಾಯಬಾರದು. ಅಯೋಡಿನ್ ಹಾಕಿದ ಪೊರೆಯಲ್ಲಿ ಕೋಶಭಿತ್ತಿ, ಒಂದು ಬದಿಗೆ ಸರಿದಿರೋ ಕೋಶಕೇಂದ್ರ, ಕೋಶದ್ರವ್ಯ ಕಾಣುತ್ತೆ. ಕೋಶಪೊರೆ ಭಿತ್ತಿಗೆ ಅಂಟಿಕೊಂಡಿರೋದ್ರಿಂದ ಬೇರೆಯಾಗಿ ಕಾಣಲ್ಲ, ಅದಕ್ಕೆ ಗೆರೆ ಎಳೀಬೇಡಿ.