ಕೋಡಿ: ಚೆಕ್ ಡ್ಯಾಮಿನ ನೀರು ಹೊರಬೀಳುವ ದಾರಿ

ಕೆರೆ ತುಂಬಿ ಹೆಚ್ಚಾದ ನೀರು ಹೊರಬಿದ್ದಾಗ ‘ಕೆರೆ ಕೋಡಿ ಬಿತ್ತು’ ಎನ್ನುತ್ತೇವೆ. ಕಣ್ಣೀರು ಕೋಡಿಯಾಗಿ ಹರಿಯಿತು ಎಂಬ ಮಾತಿನಲ್ಲಿರುವುದೂ ಅದೇ ಕೋಡಿ. ತೂಬು ಬೇರೆ, ಕೋಡಿ ಬೇರೆ. ತೂಬಿನಿಂದ ನೀರನ್ನು ನಾವು ಬೇಕೆಂದಾಗ ಬಿಡುತ್ತೇವೆ, ಕೋಡಿಯಲ್ಲಿ ನೀರು ತಾನಾಗಿಯೇ ಹೋಗುತ್ತದೆ. ಎಂಜಿನಿಯರುಗಳು ಕೋಡಿಯನ್ನು ಎರಡು ಹೆಸರಿನಿಂದ ಕರೆಯುತ್ತಾರೆ. ನೀರು ದಾಟುವ ಸಮತಟ್ಟಾದ ಗೋಡೆತಲೆ ವಿಯರ್. ಅಲ್ಲಿಂದ ಧುಮುಕಿ, ರಭಸ ಕಳೆದುಕೊಂಡು, ಮತ್ತೆ ಹಳ್ಳ ಸೇರುವವರೆಗಿನ ಇಡೀ ದಾರಿ ಸ್ಪಿಲ್‌ವೇ.

ಕೆರೆಯಲ್ಲಿ ಕೋಡಿ ಸಾಮಾನ್ಯವಾಗಿ ಏರಿಯ ಒಂದು ತುದಿಯಲ್ಲಿ, ಗಟ್ಟಿ ನೆಲದಲ್ಲಿ ಇರುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿಯಬಾರದು. ಹಳ್ಳಕ್ಕೆ ಅಡ್ಡವಾಗಿ ಕಲ್ಲು ಅಥವಾ ಕಾಂಕ್ರೀಟಿನಿಂದ ಕಟ್ಟುವ ಚೆಕ್ ಡ್ಯಾಮಿನಲ್ಲಿ ಇದು ತಲೆಕೆಳಗು. ಕೋಡಿ ನಡುವೆ ಇರಬೇಕು, ಹಳ್ಳದ ಪಾತ್ರದ ನೇರಕ್ಕೆ. ಎರಡೂ ಬದಿಯ ರೆಕ್ಕೆಗೋಡೆಗಳು ಅದಕ್ಕಿಂತ ಎತ್ತರವಾಗಿದ್ದು ದಡದೊಳಗೆ ಹುದುಗಿರಬೇಕು. ಹಾಗೆ ನೋಡಿದರೆ ಚೆಕ್ ಡ್ಯಾಮ್ ಎಂದರೆ ಬಹುಪಾಲು ಕೋಡಿಯೇ, ಉಳಿದದ್ದು ಅದನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಟ್ಟೆಯ ಎತ್ತರ ಒಂದೂವರೆ ಮೀಟರ್, ಹಳ್ಳದ ಇಳಿಜಾರು ನೂರಕ್ಕೆ ಎರಡು ಎಂದುಕೊಳ್ಳಿ. ನೀರು ಹಿಂದಕ್ಕೆ 75 ಮೀಟರ್ ನಿಲ್ಲುತ್ತದೆ. ಸರಾಸರಿ ಅಗಲ 6 ಮೀಟರ್ ಹಿಡಿದರೆ, ಮೇಲಕ್ಕೆ ಹೋದಂತೆ ಆಳ ಕಡಿಮೆಯಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಸಂಗ್ರಹ ಹೆಚ್ಚೆಂದರೆ 340 ಘನ ಮೀಟರ್. ಈಗ ಹಳ್ಳಕ್ಕೆ ನೀರು ಕೊಡುವ ಜಲಾನಯನ 45 ಹೆಕ್ಟೇರ್ ಇರಲಿ. ಮಳೆಯ ತೀವ್ರತೆ ಗಂಟೆಗೆ 80 ಮಿಲಿಮೀಟರ್, ಬಿದ್ದ ಮಳೆಯಲ್ಲಿ ಹತ್ತರಲ್ಲಿ ನಾಲ್ಕು ಪಾಲು ಹರಿದು ಬರುತ್ತದೆ ಎಂದಿಟ್ಟುಕೊಳ್ಳೋಣ. ಸಣ್ಣ ಜಲಾನಯನಕ್ಕೆ ಬಳಸುವ ಸೂತ್ರದಲ್ಲಿ Q ಎಂದರೆ ಸೆಕೆಂಡಿಗೆ ಬರುವ ನೀರು, C ಎಂದರೆ ಹರಿದು ಬರುವ ಪಾಲು, I ಎಂದರೆ ಮಳೆಯ ತೀವ್ರತೆ, A ಎಂದರೆ ಜಲಾನಯನದ ವಿಸ್ತೀರ್ಣ:

```
Q = C × I × A / 360
Q = 0.4 × 80 × 45 / 360 = 4
```

ಅಂದರೆ ಸೆಕೆಂಡಿಗೆ 4 ಘನ ಮೀಟರ್. ಆ ವೇಗದಲ್ಲಿ ಬಂದರೆ ಖಾಲಿ ಕಟ್ಟೆ ತುಂಬಲು ಒಂದೂವರೆ ನಿಮಿಷ ಸಾಕು. ಚೆಕ್ ಡ್ಯಾಮ್ ಪ್ರವಾಹವನ್ನು ಹಿಡಿದಿಡುತ್ತದೆ ಎಂದು ನಂಬಿ ಕೋಡಿಯನ್ನು ಕಿರಿದು ಮಾಡುವವರಿಗೆ ನಾನು ಮೊದಲು ತೋರಿಸುವುದು ಈ ಲೆಕ್ಕವನ್ನೇ. ಅದು ಹಿಡಿಯುವುದು ಪ್ರವಾಹ ಇಳಿದ ಮೇಲೆ ಉಳಿದ ನೀರನ್ನು. ಪ್ರವಾಹದ ತುದಿಮಟ್ಟ ಪೂರ್ತಿಯಾಗಿ ಕೋಡಿಯ ಮೇಲೆಯೇ ಹೋಗಬೇಕು. ಇಲ್ಲಿ ಮಳೆಯ ತೀವ್ರತೆಯನ್ನು ದಿನದ ಒಟ್ಟು ಮಳೆಯಿಂದ ತೆಗೆಯಬಾರದು. ಜಲಾನಯನದ ತೀರ ದೂರದ ಮೂಲೆಯಿಂದ ನೀರು ಹಳ್ಳಕ್ಕೆ ಬರಲು ಎಷ್ಟು ಹೊತ್ತು ಬೇಕೋ, ಅಷ್ಟು ಹೊತ್ತಿನ ಬಿರುಮಳೆಯ ತೀವ್ರತೆ ಬೇಕು.

ಇನ್ನು ಕೋಡಿಯ ಅಗಲ. ದಪ್ಪ ತಲೆಯ ಗೋಡೆಯ ಮೇಲೆ ಹರಿಯುವ ನೀರಿಗೆ ಸೂತ್ರ ಸರಳ:

```
Q = 1.7 × L × H^1.5
```

L ಎಂದರೆ ಕೋಡಿಯ ಉದ್ದ, ಅಂದರೆ ಹಳ್ಳಕ್ಕೆ ಅಡ್ಡಲಾಗಿ ಎಷ್ಟು ಮೀಟರ್ ಎಂಬುದು. H ಎಂದರೆ ಗೋಡೆತಲೆಯ ಮೇಲೆ ನೀರಿನ ಎತ್ತರ. 5 ಮೀಟರ್ ಉದ್ದಕ್ಕೆ H ಸುಮಾರು 0.6 ಮೀಟರ್ ಬರುತ್ತದೆ. 0.9 ಮೀಟರ್ ಆಳ ಹರಿಯಲು ಬಿಟ್ಟರೆ 2.8 ಮೀಟರ್ ಉದ್ದವೇ ಸಾಲುತ್ತದೆ. ಆಳ ಇಮ್ಮಡಿಯಾದರೆ ನೀರು ಇಮ್ಮಡಿಗಿಂತ ಬಹಳ ಹೆಚ್ಚು ಹೋಗುವುದರಿಂದ ಕಿರಿದಾದ ಕೋಡಿ ಅಗ್ಗ ಎನಿಸುತ್ತದೆ. ಆದರೆ ಆಗ ಪ್ರತಿ ಮೀಟರ್ ಅಗಲದಲ್ಲಿ ಧುಮುಕುವ ನೀರು ಸುಮಾರು ಎರಡು ಪಟ್ಟಾಗುತ್ತದೆ, ಕೆಳಗಿನ ನೆಲ ಅದರ ಪೆಟ್ಟನ್ನು ತಾಳಬೇಕು. ಹಳ್ಳದ ಪಾತ್ರ ಅನುಮತಿಸುವಷ್ಟು ಅಗಲ ಕೊಡುವುದನ್ನೇ ನಾನು ಆರಿಸುತ್ತೇನೆ. ಪಾತ್ರಕ್ಕಿಂತ ಅಗಲ ಮಾಡಿದರೆ ಮಾತ್ರ ಅಂಚಿನ ನೀರು ದಡದ ಮೇಲೆಯೇ ಬೀಳುತ್ತದೆ.

ನಮ್ಮ 5 ಮೀಟರ್ ಕೋಡಿಗೆ 0.6 ಮೀಟರ್ ನೀರು, ಅದರ ಮೇಲೆ 0.3 ಮೀಟರ್ ಬಿಡುವು. ಅಂದರೆ ರೆಕ್ಕೆಗೋಡೆಗಳು ಕೋಡಿಗಿಂತ 0.9 ಮೀಟರ್ ಎತ್ತರ. ಆ ಬಿಡುವಿನಲ್ಲಿ ಕೊಂಬೆ, ಕಸ, ಲೆಕ್ಕ ತಪ್ಪಿದ ಮಳೆ ಎಲ್ಲಕ್ಕೂ ಜಾಗ ಸಿಗಬೇಕು. ಇನ್ನಷ್ಟು ನೀರು ನಿಲ್ಲಲಿ ಎಂದು ಕೆಲವರು ಮಳೆಗಾಲದ ನಡುವೆಯೇ ಕೋಡಿಯ ಮೇಲೆ ಮರಳು ಚೀಲ ಜೋಡಿಸುತ್ತಾರೆ. 0.4 ಮೀಟರ್ ಎತ್ತರ ಜೋಡಿಸಿದರೆ ಉಳಿಯುವುದು 0.5 ಮೀಟರ್. ಅದರಲ್ಲಿ ಹೋಗುವುದು ಸೆಕೆಂಡಿಗೆ 3 ಘನ ಮೀಟರ್ ಮಾತ್ರ. ಮಿಕ್ಕ ಒಂದು ಘನ ಮೀಟರ್ ರೆಕ್ಕೆಯನ್ನು ದಾಟಿ ದಡದ ಮಣ್ಣನ್ನು ಕೊರೆಯುತ್ತದೆ. ಕಟ್ಟೆ ಗಟ್ಟಿಯಾಗಿ ನಿಂತಿದ್ದು ಹಳ್ಳ ಮಾತ್ರ ಪಕ್ಕಕ್ಕೆ ಹೊಸ ದಾರಿ ಮಾಡಿಕೊಂಡಿರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಚೀಲ ಇಡುವುದಿದ್ದರೆ ದೊಡ್ಡ ಮಳೆ ಮುಗಿದು ಹಳ್ಳ ಸಣ್ಣಗೆ ಹರಿಯುವಾಗ ಇಡಬೇಕು, ಮುಂದಿನ ಮಳೆಗೆ ಮುಂಚೆ ತೆಗೆಯಬೇಕು.

ಅಳತೆಯಲ್ಲೂ ಒಂದು ಮೋಸವಿದೆ. ನೀರು ಕೋಡಿಯ ಹತ್ತಿರ ಬಂದಂತೆ ಅದರ ಮೇಲ್ಮೈ ಬಾಗಿ ಇಳಿಯುತ್ತದೆ. H 0.6 ಮೀಟರ್ ಇರುವಾಗ ಗೋಡೆತಲೆಯ ಮೇಲೆ ಕಾಣುವುದು ಸುಮಾರು 0.4 ಮೀಟರ್. ಅಷ್ಟನ್ನೇ ನೋಡಿ ‘ಇನ್ನೂ ಬೇಕಾದಷ್ಟು ಜಾಗವಿದೆ’ ಎಂದುಕೊಳ್ಳಬಾರದು. ಕೋಡಿಯಿಂದ ಎರಡು ಮೀಟರಿಗಿಂತ ಹಿಂದೆ, ದಡದಲ್ಲಿ ಉಳಿದ ಕೆಸರಿನ ಗೆರೆಯನ್ನು ಅಳೆಯಬೇಕು.

ಇನ್ನು ಧುಮುಕಿದ ನೀರಿನ ಕಥೆ. ಗೋಡೆಯ ಬುಡಕ್ಕೆ ಬರುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 6 ಮೀಟರ್ ಮೀರಿರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಗೋಡೆಯಿಂದ ಸುಮಾರು 1.2 ಮೀಟರ್ ಆಚೆ ಬೀಳುತ್ತದೆ. ಹಾಗೆಂದು ನೆಲ ಕೊರೆಯದಂತೆ ಗೋಡೆಯ ಬುಡದಿಂದ ಮುಂದಕ್ಕೆ ಹಾಕುವ ಗಟ್ಟಿ ಹಾಸನ್ನು ಅಲ್ಲಿಗೇ ನಿಲ್ಲಿಸಿದರೆ ಪ್ರಯೋಜನವಿಲ್ಲ. ಬಿದ್ದ ನೀರು ತೆಳುವಾಗಿ, ಬಿರುಸಾಗಿ ಓಡುತ್ತದೆ, ಆಮೇಲೆ ಒಮ್ಮೆಲೇ ಉಬ್ಬಿ ನೊರೆಯೆದ್ದು ನಿಧಾನವಾಗುತ್ತದೆ. ಆ ಉಬ್ಬು ಹಾಸಿನ ಮೇಲೆಯೇ ಆಗಬೇಕು. ಇಲ್ಲಿ 5 ಮೀಟರ್ ಹಾಸು, ಅದರ ಕೊನೆಯಲ್ಲಿ 20 ಸೆಂಟಿಮೀಟರ್ ಎತ್ತರದ ಅಡ್ಡತಡೆ, ಅದರ ಮುಂದೆ ಒಂದಷ್ಟು ದೂರ ದೊಡ್ಡ ಕಲ್ಲುಗಳ ಜೋಡಣೆ ಕೊಡುತ್ತೇನೆ. ಹಾಸು ಚಿಕ್ಕದಾದರೆ ಮೊದಲ ಮಳೆಗಾಲದಲ್ಲೇ ತುದಿಯಲ್ಲಿ ಗುಂಡಿ ಬೀಳುತ್ತದೆ. ಗುಂಡಿ ಹಿಂದಕ್ಕೆ ಬೆಳೆದು ಹಾಸಿನ ಅಡಿ ಟೊಳ್ಳಾದಾಗ ಮೇಲಿನಿಂದ ಏನೂ ಕಾಣುವುದಿಲ್ಲ, ಆದರೆ ಹಾರೆಯಿಂದ ಬಡಿದರೆ ಸದ್ದು ಬದಲಾಗಿರುತ್ತದೆ.

ಗೋಡೆತಲೆ ಪೂರ್ತಿ ಮಟ್ಟವಾಗಿರಬೇಕು. ಒಂದು ಬದಿ 5 ಸೆಂಟಿಮೀಟರ್ ತಗ್ಗಿದ್ದರೂ ವರ್ಷದ ಬಹುಪಾಲು ದಿನ ಸಣ್ಣ ಹರಿವೆಲ್ಲ ಅಲ್ಲೇ ಸುರಿದು ಅದೊಂದೇ ಜಾಗ ಸವೆಯುತ್ತದೆ. ಟ್ಯೂಬ್ ಲೆವೆಲ್ ಹಿಡಿದು ನೋಡಲು ಐದು ನಿಮಿಷ ಸಾಕು, ಅದನ್ನು ಕಾಂಕ್ರೀಟ್ ಹಸಿ ಇರುವಾಗಲೇ ನೋಡಬೇಕು.

ಕೊನೆಯದು ಅಡಿಯ ಸೋರಿಕೆ. ನೀರು ನಿಂತಾಗ ಗೋಡೆಯ ಕೆಳಬದಿಯಲ್ಲಿ ಸ್ವಲ್ಪ ತೇವ ಕಾಣುವುದು ಸಹಜ. ಹೊರಬರುವ ನೀರು ತಿಳಿಯಾಗಿದ್ದು ಅಷ್ಟೇ ಇದ್ದರೆ ಗುರುತು ಮಾಡಿಟ್ಟು ಗಮನಿಸುತ್ತಿದ್ದರೆ ಸಾಕು. ಅದು ಕದಡಿ ಬರುತ್ತಿದ್ದರೆ ಅಥವಾ ಬಾಯಲ್ಲಿ ಮರಳಿನ ಸಣ್ಣ ಗುಡ್ಡೆ ಕಟ್ಟುತ್ತಿದ್ದರೆ ಅಡಿಪಾಯದ ಕೆಳಗಿನ ಮಣ್ಣು ಹೊರಟಿದೆ ಎಂದರ್ಥ. ಆಗ ಹೊರಗಿನಿಂದ ಸಿಮೆಂಟ್ ಮೆತ್ತಿ ಫಲವಿಲ್ಲ. ನೀರು ಖಾಲಿಯಾದ ಮೇಲೆ ಕಟ್ಟೆಯ ಮೇಲ್ಬದಿಯಲ್ಲಿ ಅಗೆದು, ಬಂಡೆ ಅಥವಾ ಗಟ್ಟಿ ಜೇಡಿ ಸಿಗುವವರೆಗೆ ತಡೆಗೋಡೆಯನ್ನು ಇಳಿಸಬೇಕು.