ರೆಫರೆನ್ಸ್‌ಗೆ ಹಳೇ ಮ್ಯಾನೇಜರ್ ನಂಬರ್ ಕೊಟ್ಟರೆ ಸಾಕಲ್ಲವೇ?

ಪ್ರಶ್ನೆ: ಇಂಟರ್‌ವ್ಯೂ ಮುಗಿದಿದೆ, ಎಚ್‌ಆರ್ ಇಬ್ಬರ ರೆಫರೆನ್ಸ್ ಕೇಳಿದ್ದಾರೆ. ಹಳೇ ಮ್ಯಾನೇಜರ್ ನಂಬರ್ ಕೊಟ್ಟು ಸುಮ್ಮನಿದ್ದರೆ ಆಗುವುದಿಲ್ಲವೇ? ಹೇಗೂ ಫಾರ್ಮಾಲಿಟಿ ತಾನೇ?

ಉತ್ತರ: ಆಗುವುದಿಲ್ಲ. ತಿಂಗಳಿಗೆ ನಾಲ್ಕು ಸಲವಾದರೂ ಬರುವ ಪ್ರಶ್ನೆ ಇದು, ಪ್ರತಿ ಸಲವೂ ಕೊನೆಯಲ್ಲಿ ಆ ‘ಫಾರ್ಮಾಲಿಟಿ’ ಎಂಬ ಪದ ಇದ್ದೇ ಇರುತ್ತದೆ. ಆದ್ದರಿಂದ ಮೊದಲು ಅದನ್ನೇ ಬಿಡಿಸಿಬಿಡೋಣ.

ಈ ನಂಬಿಕೆ ಹುಟ್ಟುವುದು ಎರಡು ಬೇರೆ ಕೆಲಸಗಳನ್ನು ಒಂದೇ ಎಂದುಕೊಳ್ಳುವುದರಿಂದ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಎಂದರೆ ಕಾಗದದ ತಪಾಸಣೆ. ರಿಲೀವಿಂಗ್ ಲೆಟರ್, ಪಿಎಫ್ ಖಾತೆಯಲ್ಲಿ ಕಾಣುವ ಸೇವಾ ಅವಧಿ, ಮಾರ್ಕ್ಸ್ ಕಾರ್ಡ್ ಇವನ್ನೆಲ್ಲ ಒಂದು ಏಜೆನ್ಸಿ ತಾಳೆ ನೋಡುತ್ತದೆ. ಅಲ್ಲಿ ದಿನಾಂಕ ಹೊಂದಿದರೆ ಮುಗಿಯಿತು. ರೆಫರೆನ್ಸ್ ಕಾಲ್ ಅದಲ್ಲ. ನಿಮ್ಮ ಜೊತೆ ಕೆಲಸ ಮಾಡಿದವರ ಬಾಯಿಂದ ನಿಮ್ಮ ಕೆಲಸದ ಬಗ್ಗೆ ಕೇಳುವ 15–20 ನಿಮಿಷದ ಮಾತು ಅದು. ಎಷ್ಟೋ ಕಡೆ ಅದನ್ನು ಮಾಡುವವರು ಮುಂದೆ ನಿಮ್ಮ ಮೇಲಧಿಕಾರಿಯಾಗುವವರೇ. ಕೇಳಿದ್ದನ್ನು ಬರೆದಿಟ್ಟುಕೊಳ್ಳುತ್ತಾರೆ, ಇಬ್ಬರ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಓದುತ್ತಾರೆ.

‘ನನ್ನ ಸ್ನೇಹಿತನಿಗೆ ಏನೂ ತೊಂದರೆಯಾಗಲಿಲ್ಲ’ ಎನ್ನುವವರಿದ್ದಾರೆ. ಆ ಸ್ನೇಹಿತನ ಮ್ಯಾನೇಜರ್‌ಗೆ ಅವನು ಚೆನ್ನಾಗಿ ನೆನಪಿದ್ದ, ಫೋನ್ ಬಂದಾಗ ಅವರು ಬಿಡುವಾಗಿದ್ದರು, ಅಷ್ಟೇ. ಹಾಗಾಗದಿದ್ದರೆ ಏನಾಗುತ್ತದೆ ನೋಡಿ. ಮ್ಯಾನೇಜರ್ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡಿದ್ದಾರೆ. ಗೊತ್ತಿಲ್ಲದ ನಂಬರ್. ಮೊದಲ ಸಲ ಎತ್ತುವುದಿಲ್ಲ, ಎರಡನೆಯ ಸಲ ಎತ್ತಿ ‘ಯಾರು? ಓ, ಹೌದು ಹೌದು, ಇದ್ರು. ಒಳ್ಳೆ ಹುಡುಗಿ. ಯಾವ ವರ್ಷ ಅಂತ ನೆನಪಿಲ್ಲ’ ಎನ್ನುತ್ತಾರೆ. ಕೆಟ್ಟದ್ದೇನೂ ಹೇಳಲಿಲ್ಲ. ಆದರೆ ಕರೆ ಮಾಡಿದವರ ಹಾಳೆಯಲ್ಲಿ ‘ಕೆಲಸದ ಬಗ್ಗೆ ವಿವರ ಸಿಗಲಿಲ್ಲ’ ಎಂದು ದಾಖಲಾಗುತ್ತದೆ. ಇಬ್ಬರು ಅಭ್ಯರ್ಥಿಗಳು ಸಮಸಮ ಇರುವಾಗ ಈ ಒಂದು ಸಾಲು ಸಾಕು. ನಿಮಗೆ ಕಾರಣವನ್ನು ಯಾರೂ ಹೇಳುವುದಿಲ್ಲ. ಆದ್ದರಿಂದಲೇ ‘ಫಾರ್ಮಾಲಿಟಿ’ ಎಂಬ ಮಾತು ಹಾಗೇ ಉಳಿದುಕೊಂಡಿದೆ.

ಇನ್ನು ಹೇಗೆ ಕೇಳಬೇಕು ಎಂಬುದು. ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಮೂರು ವರ್ಷ ಕ್ವಾಲಿಟಿ ಇಂಜಿನಿಯರ್ ಆಗಿದ್ದವರನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಅವರ ಹಳೇ ಮ್ಯಾನೇಜರ್ ಈಗಲೂ ಅಲ್ಲೇ ಇದ್ದಾರೆ. ನಂಬರ್ ಕೊಡುವ ಮೊದಲು ಒಪ್ಪಿಗೆ ಕೇಳುವ ಮೆಸೇಜ್ ಹೋಗಬೇಕು:

‘ಸರ್, ನಮಸ್ಕಾರ. ಒಂದು ಕಂಪನಿಯಲ್ಲಿ ಕ್ವಾಲಿಟಿ ಇಂಜಿನಿಯರ್ ಕೆಲಸಕ್ಕೆ ಕೊನೆಯ ಹಂತಕ್ಕೆ ಬಂದಿದ್ದೇನೆ. ರೆಫರೆನ್ಸ್‌ಗೆ ನಿಮ್ಮ ಹೆಸರು ಕೊಡಲೇ ಸರ್? ಅವರು ಫೋನ್‌ನಲ್ಲಿ 15–20 ನಿಮಿಷ ಮಾತಾಡುತ್ತಾರೆ. ಈಗ ಅನುಕೂಲ ಇಲ್ಲದಿದ್ದರೆ ದಯವಿಟ್ಟು ಹೇಳಿಬಿಡಿ, ಬೇರೆಯವರನ್ನು ಕೇಳಲು ಸಮಯ ಇದೆ.’

ಕೊನೆಯ ವಾಕ್ಯವನ್ನು ಬಿಡಬೇಡಿ. ನಮ್ಮಲ್ಲಿ ಮುಖಕ್ಕೆ ಮುಖ ಕೊಟ್ಟು ‘ಆಗಲ್ಲ’ ಎನ್ನುವವರು ಕಡಿಮೆ. ಮನಸ್ಸಿಲ್ಲದೆ ಒಪ್ಪಿಕೊಂಡವರ ದನಿ ಫೋನ್‌ನಲ್ಲಿ ಗೊತ್ತಾಗುತ್ತದೆ. ಅವರಿಗೆ ತಪ್ಪಿಸಿಕೊಳ್ಳಲು ದಾರಿ ಬಿಟ್ಟರೆ ನಿಮಗೇ ಒಳ್ಳೆಯದು. ‘ನೋಡೋಣ’, ‘ತುಂಬಾ ಬ್ಯುಸಿ ಇದೀನಿ’ ಎಂಬ ಉತ್ತರ ಬಂದರೆ ಅದನ್ನು ‘ಬೇಡ’ ಎಂದೇ ಓದಿಕೊಳ್ಳಿ.

ಒಪ್ಪಿದ ಮೇಲೆ ಸಮಯ. ‘ನಿಮಗೆ ಯಾವಾಗ ಬಿಡುವು ಸರ್?’ ಎಂದು ಕೇಳಬೇಡಿ. ‘ಯಾವಾಗ ಬೇಕಾದ್ರೂ ಮಾಡ್ಲಿ’ ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಮೊದಲು ಎಚ್‌ಆರ್ ಕಡೆಯಿಂದ ಅವರಿಗೆ ಹೊಂದುವ ವೇಳೆ ಕೇಳಿಕೊಳ್ಳಿ. ಅದರಲ್ಲಿ ಮೂರು ವೇಳೆ ಆರಿಸಿ ದಿನಾಂಕ, ವಾರ, ಶುರು, ಮುಕ್ತಾಯ ಎಲ್ಲವನ್ನೂ ಬರೆದು ಕಳಿಸಿ. ಆರಿಸುವಾಗ ಅವರ ದಿನಚರಿ ನೆನೆಯಿರಿ. ಆ ಕಾರ್ಖಾನೆಯಲ್ಲಿ ಮೊದಲ ಶಿಫ್ಟ್ ಬೆಳಿಗ್ಗೆ 6ಕ್ಕೆ, ಪ್ರೊಡಕ್ಷನ್ ಮೀಟಿಂಗ್ 9ಕ್ಕೆ, ಮಧ್ಯಾಹ್ನ 2ಕ್ಕೆ ಶಿಫ್ಟ್ ಬದಲಾವಣೆ. ಶಾಪ್ ಫ್ಲೋರ್‌ನಲ್ಲಿ ಮೆಷಿನ್ ಸದ್ದಿಗೆ ಫೋನ್ ಕೇಳಿಸುವುದೂ ಇಲ್ಲ. ಹಾಗಾಗಿ ‘ಜೂನ್ 17 ಬುಧವಾರ ಅಥವಾ 18 ಗುರುವಾರ ಮಧ್ಯಾಹ್ನ 3ರಿಂದ 3.30, ಇಲ್ಲವೇ 20 ಶನಿವಾರ ಬೆಳಿಗ್ಗೆ 11ರಿಂದ 11.30’ ಎಂದರೆ ಅವರು ಒಂದನ್ನು ಹೇಳಿ ಮುಗಿಸುತ್ತಾರೆ. ಕರೆ ಮಾಡುವವರ ಹೆಸರು, ಕಂಪನಿ, ನಂಬರ್ ಎಚ್‌ಆರ್‌ನಿಂದ ಕೇಳಿ ತಿಳಿಸಿ. ನಂಬರ್ ಸೇವ್ ಆಗಿರದಿದ್ದರೆ ಸ್ಪ್ಯಾಮ್ ಎಂದುಕೊಂಡು ಕಟ್ ಮಾಡುವುದು ಈಗ ಎಲ್ಲರ ಅಭ್ಯಾಸ.

ಮ್ಯಾನೇಜರ್ ಅಮೆರಿಕದಲ್ಲಿದ್ದರೆ ಎರಡೂ ಕಡೆಯ ಗಂಟೆ ಬರೆಯಿರಿ. ಬೇಸಿಗೆಯಲ್ಲಿ ನ್ಯೂಜೆರ್ಸಿಯ ಬೆಳಿಗ್ಗೆ 10 ನಮಗೆ ಸಂಜೆ 7.30. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆಮೇಲೆ ಅದೇ 10 ನಮಗೆ ರಾತ್ರಿ 8.30.

ಏನು ಕೇಳುತ್ತಾರೆ ಎಂಬುದನ್ನೂ ಮೊದಲೇ ತಿಳಿಸಿ. ನೀವು ನೇರವಾಗಿ ಅವರ ಕೈಕೆಳಗಿದ್ದಿರಾ, ಎಲ್ಲಿಂದ ಎಲ್ಲಿಯವರೆಗೆ, ಕೆಲಸವೇನು, ಚೆನ್ನಾಗಿ ಮಾಡಿದ್ದಕ್ಕೆ ಒಂದು ಉದಾಹರಣೆ, ಸುಧಾರಿಸಬೇಕಾದದ್ದು, ಬಿಟ್ಟ ಕಾರಣ. ಕೊನೆಗೆ ಬಹುತೇಕ ಬರುವುದು: ‘ಅವಕಾಶ ಸಿಕ್ಕರೆ ಇವರನ್ನು ಮತ್ತೆ ತಗೋತೀರಾ?’ ಇಲ್ಲಿ ಉತ್ತರಕ್ಕಿಂತ ಅದಕ್ಕೆ ಮುಂಚಿನ ಮೌನ ಹೆಚ್ಚು ಮಾತಾಡುತ್ತದೆ. ಮೂರು ಸೆಕೆಂಡ್ ತಡವಾದರೆ ಕೇಳುವವರು ‘ಯಾಕೆ ಯೋಚನೆ ಮಾಡ್ತಿದೀರಿ?’ ಎನ್ನುತ್ತಾರೆ. ಪ್ರಶ್ನೆ ಮೊದಲೇ ಗೊತ್ತಿದ್ದರೆ ಆ ಮೌನ ಇರುವುದಿಲ್ಲ.

ಇದರ ಜೊತೆಗೆ ನೆನಪಿಗಾಗಿ ನಾಲ್ಕು ಸಾಲು ಸಾಕು: ಕೆಲಸ ಮಾಡಿದ ತಿಂಗಳು–ವರ್ಷ, ಹುದ್ದೆ, ಗ್ರಾಹಕರಿಂದ ವಾಪಸ್ ಬರುತ್ತಿದ್ದ ಒಂದು ಭಾಗದ ತೊಂದರೆಯನ್ನು ಹುಡುಕಿ ಸರಿಪಡಿಸಿದ್ದು, ಆಡಿಟ್‌ಗೆ ಮುಂಚೆ ಕಾಗದಪತ್ರ ತಡವಾಗುತ್ತಿದ್ದುದು ಮತ್ತು ಕೊನೆಯ ವರ್ಷ ಅದು ಸರಿಹೋದದ್ದು. ಹೌದು, ಕೊರತೆಯನ್ನೂ ಬರೆಯಿರಿ. ‘ಕೊರತೆಯೇ ಇಲ್ಲ’ ಎಂದರೆ ಯಾರೂ ನಂಬುವುದಿಲ್ಲ. ಆದರೆ ಹೀಗೆ ಹೇಳಿ ಎಂದು ಉತ್ತರ ಬರೆದುಕೊಡಬೇಡಿ, ಇಬ್ಬರ ಬಾಯಲ್ಲೂ ಒಂದೇ ವಾಕ್ಯ ಬಂದರೆ ಸಿಕ್ಕಿಬೀಳುತ್ತೀರಿ. ರೆಸ್ಯೂಮೆಯಲ್ಲಿ ‘ಆರು ಜನರ ತಂಡದ ಮುಖ್ಯಸ್ಥೆ’ ಎಂದು ಬರೆದಿದ್ದು, ವಾಸ್ತವದಲ್ಲಿ ಆರು ಜನರಲ್ಲಿ ಹಿರಿಯರು ಮಾತ್ರ ಆಗಿದ್ದರೆ, ರೆಸ್ಯೂಮೆಯನ್ನು ತಿದ್ದಬೇಕು, ಮ್ಯಾನೇಜರ್‌ಗೆ ಹೇಳಿಕೊಡುವುದಲ್ಲ.

ಕೆಲವು ಕಂಪನಿಗಳು ಅವಧಿ ಮತ್ತು ಹುದ್ದೆಗಿಂತ ಹೆಚ್ಚು ಹೇಳಬಾರದು ಎಂದು ತಮ್ಮವರಿಗೆ ನಿಯಮ ಹಾಕಿವೆ. ಒಪ್ಪಿಗೆ ಕೇಳುವಾಗಲೇ ಇದನ್ನು ತಿಳಿದುಕೊಂಡು ಎಚ್‌ಆರ್‌ಗೆ ಹೇಳಿಬಿಡಿ, ಚುಟುಕು ಉತ್ತರವನ್ನು ಅವರು ತಪ್ಪು ತಿಳಿಯುವುದಿಲ್ಲ.

ಯಾರೂ ಕೇಳದಿದ್ದರೂ ಇದನ್ನೂ ಹೇಳುತ್ತೇನೆ: ಈಗಿನ ಕಂಪನಿಯ ಮ್ಯಾನೇಜರ್ ಹೆಸರು. ರಾಜೀನಾಮೆ ಕೊಡುವ ಮೊದಲು ಅಲ್ಲಿಗೆ ಕರೆ ಹೋದರೆ ಹೊಸ ಕೆಲಸ ಖಚಿತವಾಗುವ ಮುಂಚೆಯೇ ಇರುವ ಕೆಲಸದಲ್ಲಿ ಇರಿಸುಮುರಿಸು. ಫಾರ್ಮ್‌ನಲ್ಲಿ ಆ ಜಾಗದ ಮುಂದೆ ‘ಆಫರ್ ಲೆಟರ್ ಬಂದು ನಾನು ರಾಜೀನಾಮೆ ಕೊಟ್ಟ ಮೇಲೆ ಮಾತ್ರ ಸಂಪರ್ಕಿಸಿ’ ಎಂದು ಬರೆದು, ಅದನ್ನೇ ಎಚ್‌ಆರ್‌ಗೆ ಮೇಲ್‌ನಲ್ಲೂ ಕಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಕರೆ ಮಾಡುವ ಏಜೆನ್ಸಿಯವರೆಗೆ ತಲುಪದೆ ಹೋಗಬಹುದು. ಅಲ್ಲಿಯವರೆಗೆ ಹಿಂದಿನ ಕಂಪನಿಯ ಮ್ಯಾನೇಜರ್ ಒಬ್ಬರು, ಈಗಿನ ಕಂಪನಿ ಬಿಟ್ಟುಹೋಗಿರುವ ನಿಮ್ಮ ಹಿರಿಯ ಸಹೋದ್ಯೋಗಿ ಒಬ್ಬರು, ಇಷ್ಟು ಸಾಕು.